ಕಾಫಿ ಸುರಿಯುವ ಎಂಟು ಸೆಕೆಂಡು: ಎಐ ವಿಡಿಯೋ ಮಾಡಲು ಮೂರು ದಾರಿ

ಗಾಂಧಿ ಬಜಾರಿನಲ್ಲಿ ನನ್ನ ಚಿಕ್ಕಪ್ಪನ ಮಗನಿಗೆ ಕಾಫಿಪುಡಿ ಅಂಗಡಿ ಇದೆ. ಅವನಿಗೆ ಎಂಟು ಸೆಕೆಂಡಿನ ಒಂದು ಜಾಹೀರಾತು ಬೇಕಿತ್ತು. ಒಂದು ಕೈ ಸ್ಟೀಲ್ ಲೋಟದಿಂದ ಬಟ್ಟಲಿಗೆ ಕಾಫಿ ಸುರಿಯಬೇಕು, ಹಿಂದೆ ಹಸಿರು ಬೋರ್ಡಿನ ಮೇಲೆ ‘ಅಪ್ಪಟ ಫಿಲ್ಟರ್ ಕಾಫಿ’ ಅಂತ ಕಾಣಬೇಕು. ಅಷ್ಟೇ. ಆದರೆ ಎಐ ವಿಡಿಯೋ ಎಡವುವ ಮೂರೂ ಜಾಗ ಇದರಲ್ಲೇ ಇವೆ: ಬೆರಳು, ಅಕ್ಷರ, ದ್ರವ. ಹಾಗಾಗಿ ಒಂದೇ ದೃಶ್ಯವನ್ನು ಮೂರು ರೀತಿಯಲ್ಲಿ ಮಾಡಿ ನೋಡಿದೆ.

ಮೊದಲನೆಯದು, ಬರೀ ಮಾತಿನಲ್ಲಿ ವಿವರಿಸಿ ಮಾಡಿಸುವುದು. ಬೆಳಕು, ಹಬೆ ಎಲ್ಲ ಚೆನ್ನಾಗಿಯೇ ಬಂತು. ಆದರೆ ಬೆರಳು ಲೋಟದ ಅಂಚಿನ ಹಿಂದೆ ಹೋಗಿ ಮತ್ತೆ ಕಾಣಿಸಿಕೊಂಡಾಗ ಹೆಬ್ಬೆರಳು ಬಿಟ್ಟು ನಾಲ್ಕಿದ್ದದ್ದು ಐದಾಗಿತ್ತು. ಮರೆಯಾದ ಬೆರಳು ಯಾವುದು ಎಂಬ ಲೆಕ್ಕ ಎಐ ಮಾದರಿಯ ಬಳಿ ಇರುವುದಿಲ್ಲ. ಮತ್ತೆ ಕಂಡಾಗ ಹೊಸದಾಗಿ ಊಹಿಸುತ್ತದೆ. ‘ಆರನೇ ಬೆರಳು ಬೇಡ’ ಅಂತ ಬರೆದರೂ ಪ್ರಯೋಜನವಾಗಲಿಲ್ಲ. ಬೇಡದ್ದನ್ನು ಬಿಟ್ಟು ಬೇಕಾದ್ದನ್ನೇ, ಅದೂ ಒಂದೇ ಕೆಲಸ ಹೇಳಿದಾಗ ಸ್ವಲ್ಪ ಸುಧಾರಿಸಿತು:

```
static camera, close-up, one right hand
slowly tilts a steel tumbler, plain green board behind
```

ಎರಡನೆಯದು, ಫೋನಿನಲ್ಲಿ ತೆಗೆದ ಒಂದು ಫೋಟೋವನ್ನು ಮೊದಲ ಫ್ರೇಮಾಗಿ ಕೊಡುವುದು. ಇಲ್ಲಿ ಕೈ ನಿಜವಾದ ಕೈಯಿಂದಲೇ ಶುರುವಾಗುತ್ತದೆ, ಅದೇ ದೊಡ್ಡ ಲಾಭ. ಫ್ರೇಮಿನಲ್ಲಿ ಕೈ ದೊಡ್ಡದಾಗಿದ್ದಷ್ಟೂ ಒಳ್ಳೆಯದು. ದೂರದ ಕೈಗೆ ಸಿಗುವ ಪಿಕ್ಸೆಲ್ ಕಡಿಮೆ, ಬೆರಳುಗಳು ಮುದ್ದೆಯಾಗುತ್ತವೆ. ಮೊದಲ ಎರಡು ಸೆಕೆಂಡು ಸೊಗಸಾಗಿತ್ತು. ಆಮೇಲೆ ಭೌತಶಾಸ್ತ್ರ ಕೈಕೊಟ್ಟಿತು. ಬಟ್ಟಲು ತುಂಬುತ್ತಿದೆ, ಲೋಟದಲ್ಲಿ ಕಾಫಿ ಒಂದು ಹನಿಯೂ ಇಳಿದಿಲ್ಲ! ಸುರಿಯುವ ದೃಶ್ಯ ಹೇಗೆ ಕಾಣುತ್ತದೆ ಎನ್ನುವುದನ್ನು ಮಾದರಿ ಕಲಿತಿದೆ, ಇಲ್ಲಿ ಕಡಿಮೆಯಾದದ್ದು ಅಲ್ಲಿ ಜಾಸ್ತಿಯಾಗಬೇಕು ಎನ್ನುವುದನ್ನಲ್ಲ.

ಮೂರನೆಯದು ನನಗೆ ಜಾಸ್ತಿ ಇಷ್ಟವಾದದ್ದು: ಮೊದಲ ಮತ್ತು ಕೊನೆಯ ಫ್ರೇಮ್ ಎರಡನ್ನೂ ಕೊಡುವುದು. ಕೊನೆಯ ಫೋಟೋದಲ್ಲಿ ಲೋಟ ಖಾಲಿ, ಬಟ್ಟಲು ತುಂಬಿದೆ ಅಂದಮೇಲೆ ಮಾದರಿ ಅಲ್ಲಿಗೆ ಬಂದೇ ತೀರಬೇಕು. ಆದರೂ ಮೊದಲ ಸಲ ಕಾಫಿಯ ಮಟ್ಟ ಸುಮ್ನೆ ನಿಂತಿದ್ದು, ಕೊನೆಯ ಅರ್ಧ ಸೆಕೆಂಡಿನಲ್ಲಿ ದಿಢೀರ್ ಅಂತ ಏರಿತು. ಎರಡು ಫೋಟೋಗಳ ನಡುವೆ ಅಂತರ ಜಾಸ್ತಿಯಾಯಿತು ಅನ್ನಿಸಿತು. ಅರ್ಧ ಸುರಿದಿರುವ ಮೂರನೇ ಫೋಟೋ ತೆಗೆದು, ಮೊದಲನೆಯದರಿಂದ ಅರ್ಧ ಸುರಿದದ್ದಕ್ಕೆ, ಅಲ್ಲಿಂದ ಕೊನೆಯದಕ್ಕೆ ಅಂತ ಎರಡು ಚಿಕ್ಕ ತುಣುಕು ಮಾಡಿದೆ. ಆಗ ಮಟ್ಟ ಸರಿಯಾಗಿ ಏರಿತು. ಫೋನನ್ನು ಟ್ರೈಪಾಡಿಗೆ ಹಾಕಿ, ಎಕ್ಸ್‌ಪೋಷರ್ ಲಾಕ್ ಮಾಡಿಯೇ ಫೋಟೋ ತೆಗೆಯಬೇಕು. ಬೆಳಕು ಬೇರೆಯಾದರೆ ಚಲನೆಯ ಬದಲು ಒಂದು ಚಿತ್ರ ಕರಗಿ ಇನ್ನೊಂದಾಗುತ್ತದೆ. ತುಣುಕುಗಳು ಸೇರುವಲ್ಲಿ ವೇಗ ಸ್ವಲ್ಪ ಮುಗ್ಗರಿಸಿತು. ಅಲ್ಲಿ ಫೋನಿನಲ್ಲೇ ಹಿಡಿದ ನೊರೆಯ ಒಂದು ಸೆಕೆಂಡಿನ ಕ್ಲೋಸಪ್ ಇಟ್ಟು ಮುಚ್ಚಿದೆ.

ಅಕ್ಷರದ ವಿಷಯದಲ್ಲಿ ಮಾತ್ರ ಮೂರು ದಾರಿಗಳೂ ಸೋತವು. ಬರೀ ಮಾತಿನಿಂದ ಮಾಡಿಸಿದ್ದರಲ್ಲಿ ಕನ್ನಡದಂತೆ ಕಾಣುವ ಸುರುಳಿಗಳಷ್ಟೇ ಬಂದವು. ಫೋಟೋ ಕೊಟ್ಟಾಗ ಶುರುವಿನಲ್ಲಿ ಬೋರ್ಡು ಸರಿಯಾಗಿತ್ತು. ಮೂರನೇ ಸೆಕೆಂಡಿಗೆ ‘ಅಪ್ಪಟ’ದ ಪ ಒತ್ತು ಮೆಲ್ಲಗೆ ಜಾರಿ ಪಕ್ಕದ ಟ ಕೆಳಗೆ ಅಂಟಿಕೊಂಡಿತು. ಈ ಮಾದರಿಗಳು ಚಿತ್ರವನ್ನು ಕುಗ್ಗಿಸಿದ ರೂಪದಲ್ಲಿ ಕೆಲಸ ಮಾಡಿ, ಕೊನೆಗೆ ಮತ್ತೆ ಹಿಗ್ಗಿಸುತ್ತವೆ. ಒತ್ತಿನಂಥ ಸಣ್ಣ ಗೆರೆಗಳಿಗೆ ಆ ದಾರಿಯಲ್ಲಿ ಪೆಟ್ಟು ಬೀಳುತ್ತದೆ. ಇದಕ್ಕೆ ಹಟ ಹಿಡಿದು ಮತ್ತೆ ಮತ್ತೆ ಮಾಡಿಸುವುದು ದುಡ್ಡು ದಂಡ. ಫೋಟೋದಲ್ಲೇ ಬೋರ್ಡಿನ ಅಕ್ಷರ ಅಳಿಸಿ, ಖಾಲಿ ಬೋರ್ಡಿನೊಂದಿಗೆ ವಿಡಿಯೋ ಮಾಡಿಸಿ. ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿಯಲ್ಲಿ ಅಕ್ಷರ ಬರೆದು ಎಡಿಟಿಂಗ್‌ನಲ್ಲಿ ಮೇಲೆ ಕೂರಿಸಿ, ಸ್ವಲ್ಪ ಮಸುಕು ಮಾಡಿದರೆ ಬೋರ್ಡಿನ ಜತೆ ಹೊಂದಿಕೊಳ್ಳುತ್ತದೆ. ಕ್ಯಾಮೆರಾ ಅಲುಗದಿದ್ದರೆ ಇಷ್ಟೇ ಕೆಲಸ. ಅಲುಗಿದರೆ ಬ್ಲೆಂಡರ್ ಎಂಬ ತಂತ್ರಾಂಶದ ಪ್ಲೇನ್ ಟ್ರ್ಯಾಕ್‌ನಲ್ಲಿ ಬೋರ್ಡಿನ ನಾಲ್ಕು ಮೂಲೆ ಹಿಡಿಸಬೇಕು, ಅದು ಉಚಿತ. ಕೈ ಬೋರ್ಡಿನ ಮುಂದೆ ಹಾಯದಂತೆ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಅಕ್ಷರ ಬೆರಳಿನ ಮೇಲೆ ಕೂರುತ್ತದೆ.

ಯಾವ ದಾರಿ ಹಿಡಿದರೂ ಮಾಮೂಲಿ ವೇಗದಲ್ಲಿ ನೋಡಿ ಒಪ್ಪಬೇಡಿ. ವಿಎಲ್‌ಸಿಯಲ್ಲಿ `E` ಒತ್ತುತ್ತಾ ಒಂದೊಂದೇ ಫ್ರೇಮ್ ನೋಡಿ. ಹೆಬ್ಬೆರಳು ಲೋಟಕ್ಕೆ ತಾಗುವ ಜಾಗ, ಧಾರೆ ಅಂಚು ಬಿಡುವ ಜಾಗ, ಇವೆರಡರಲ್ಲೇ ನನಗೆ ಜಾಸ್ತಿ ತಪ್ಪು ಸಿಕ್ಕಿದ್ದು.

ಹಬೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಟ್ಟಲಿನಿಂದ ಎದ್ದ ಹಬೆ ಬೋರ್ಡಿನ ಮುಂದೆ ಹಾಯಬೇಕಲ್ವಾ? ನಾನು ಮೇಲೆ ಕೂರಿಸಿದ ಅಕ್ಷರದ ಹಿಂದೆ ಹೋಗುತ್ತಿತ್ತು. ಕೊನೆಗೆ ಬಟ್ಟಲನ್ನು ಬೋರ್ಡಿನಿಂದ ಒಂದು ಗೇಣು ಬಲಕ್ಕೆ ಸರಿಸಿ, ಮೂರೂ ಫೋಟೋಗಳನ್ನು ಮತ್ತೆ ತೆಗೆದೆ.