ಟೊಮೆಟೊ ಬಾಕ್ಸು, ಎರಡು ಟೆಂಪೊ, ಒಂದು ಗ್ರಾಫ್ ಹಾಳೆ

ಒಂದೇ ಲೆಕ್ಕವನ್ನು ಮೂರು ದಾರಿಯಲ್ಲಿ ಬಿಡಿಸಿ ನೋಡಿದ್ದು ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ. ಯಾವ ದಾರಿ ಎಲ್ಲಿ ಕೈ ಹಿಡಿಯಿತು, ಎಲ್ಲಿ ಕೈ ಕೊಟ್ಟಿತು ಅನ್ನೋದು ಇನ್ನೂ ನೆನಪಿದೆ. ಕಾರಣ, ಲೆಕ್ಕ ನಮ್ಮ ಮನೆಯದೇ ಆಗಿತ್ತು.

ನಮ್ಮೂರು ಕೋಲಾರದ ಹತ್ತಿರ. ಟೊಮೆಟೊ ಕಿತ್ತ ದಿನ ಅಪ್ಪ 15 ಕೆಜಿ ಬಾಕ್ಸುಗಳನ್ನು ತುಂಬಿ ಕೋಲಾರದ ಮಾರ್ಕೆಟ್ಟಿಗೆ ಕಳಿಸುತ್ತಿದ್ದರು. ಊರಲ್ಲಿ ಎರಡು ಟೆಂಪೊ ಇದ್ದವು. ನೀಲಿ ಟೆಂಪೊದವರು ಗಾಡಿ ಎತ್ತಿದ್ದಕ್ಕೆ 300 ರೂಪಾಯಿ, ಜೊತೆಗೆ ಬಾಕ್ಸಿಗೆ 10 ರೂಪಾಯಿ ಕೇಳುತ್ತಿದ್ದರು. ಹಳದಿ ಟೆಂಪೊದವರಿಗೆ ಗಾಡಿಗೆ 120, ಬಾಕ್ಸಿಗೆ 16. ಯಾವುದು ಅಗ್ಗ ಅಂತ ಅಪ್ಪ, ಚಿಕ್ಕಪ್ಪ ಪ್ರತಿ ಸಲವೂ ಜಗಳ ಆಡೋರು. ಚಿಕ್ಕಪ್ಪ ಯಾವತ್ತೂ ಹಳದಿ ಕಡೆ. ಅಪ್ಪ ಯಾವತ್ತೂ ನೀಲಿ.

ಆಗ ಶಾಲೆಯಲ್ಲಿ ಎರಡು ಸಮೀಕರಣಗಳ ಪಾಠ ನಡೆಯುತ್ತಿತ್ತು. ಬಾಕ್ಸು x, ಬಾಡಿಗೆ y ಅಂದುಕೊಂಡು ನೋಟ್ಸಿನ ಹಿಂದಿನ ಪುಟದಲ್ಲಿ ಬರೆದೆ:

```
y = 300 + 10x
y = 120 + 16x
```

ಮೊದಲು ಹಿಡಿದದ್ದು ವರ್ಜಿಸುವ ವಿಧಾನ. ಒಂದರಿಂದ ಇನ್ನೊಂದನ್ನು ಕಳೆದರೆ y ಹಾರಿಹೋಗುತ್ತದೆ, 6x = 180 ಉಳಿಯುತ್ತದೆ. x = 30, y = 600. ಎರಡು ನಿಮಿಷವೂ ಬೇಕಾಗಲಿಲ್ಲ. ಆದೇಶ ವಿಧಾನದಲ್ಲೂ ಮಾಡಿದೆ. y ಇರುವ ಕಡೆ 300 + 10x ಹಾಕಿದರೆ ಅದೇ 30. ಈ ಲೆಕ್ಕದಲ್ಲಿ y ಮೊದಲೇ ಒಂಟಿಯಾಗಿ ನಿಂತಿದ್ದರಿಂದ ಇದೇ ಇನ್ನೂ ಸಲೀಸು. y ಹೀಗೆ ಬಿಡಿಯಾಗಿರದೆ 7x + 5y ಥರ ಇದ್ದರೆ ಭಿನ್ನರಾಶಿ ತಲೆ ತಿನ್ನುತ್ತದೆ, ಆಗ ವರ್ಜಿಸುವುದೇ ವಾಸಿ. ಓರೆ ಗುಣಾಕಾರ ಅಂತ ಇನ್ನೊಂದಿದೆ. ಚಿಹ್ನೆ ತಪ್ಪುವುದು ಬಿಟ್ಟರೆ ಅದರಿಂದ ನನಗೆ ಏನೂ ಸಿಗಲಿಲ್ಲ.

ಉತ್ತರ ತೋರಿಸಿದಾಗ ಅಪ್ಪ ಕೇಳಿದರು, "30 ಅಂದ್ರೆ ಏನಮ್ಮ? ಯಾವ ಗಾಡಿ ಕರೀಲಿ?"

ನಾನು ಬಾಯಿ ಬಿಡಲಿಲ್ಲ. 30 ಬಾಕ್ಸಿಗೆ ಎರಡೂ ಗಾಡಿ 600 ರೂಪಾಯಿ ಅನ್ನೋದು ಸರಿ. ಆದರೆ ಅವತ್ತು ಮನೆ ಮುಂದೆ ಇದ್ದದ್ದು 22 ಬಾಕ್ಸು.

ರಾತ್ರಿ ಗ್ರಾಫ್ ಹಾಳೆ ತೆಗೆದೆ. ಅಡ್ಡಕ್ಕೆ 1 ಸೆಂ.ಮೀ.ಗೆ 5 ಬಾಕ್ಸು, ಉದ್ದಕ್ಕೆ 1 ಸೆಂ.ಮೀ.ಗೆ 100 ರೂಪಾಯಿ. ನೀಲಿಗೆ ಎರಡು ಚುಕ್ಕಿ: ಬಾಕ್ಸೇ ಇಲ್ಲದಾಗ 300, 60 ಬಾಕ್ಸಿಗೆ 900. ಹಳದಿಗೆ 10 ಬಾಕ್ಸಿಗೆ 280, 50 ಬಾಕ್ಸಿಗೆ 920. ಸ್ಕೇಲ್ ಇಟ್ಟು ಗೆರೆ ಎಳೆದೆ. ಹಳದಿ ಕೆಳಗಿನಿಂದ ಹೊರಟು ಕಡಿದಾಗಿ ಏರಿತು. ನೀಲಿ ಮೇಲಿನಿಂದ ಹೊರಟು ನಿಧಾನವಾಗಿ ಏರಿತು. ಒಂದು ಕಡೆ ಎರಡೂ ಅಡ್ಡ ಹಾದವು. ಬೆರಳಿಟ್ಟು ನೋಡಿದರೆ ಕೆಳಗೆ 30, ಪಕ್ಕದಲ್ಲಿ 600!

ಒಂದು ಗೆರೆಯ ಮೇಲಿರುವ ಪ್ರತಿ ಚುಕ್ಕಿಯೂ ಒಂದು ಸಮೀಕರಣಕ್ಕೆ ಉತ್ತರ. ಹಾಗೆ ಎಷ್ಟು ಬೇಕಾದರೂ ಉತ್ತರ ಇವೆ. ಎರಡಕ್ಕೂ ಒಪ್ಪುವ ಚುಕ್ಕಿ ಎರಡೂ ಗೆರೆಯ ಮೇಲೆ ಇರಲೇಬೇಕಲ್ವಾ? ಅಂಥದ್ದು ಇಲ್ಲಿ ಒಂದೇ ಒಂದು. ಇಷ್ಟು ದಿನ ಕೂಡಿ ಕಳೆದು ನಾನು ಹುಡುಕುತ್ತಿದ್ದದ್ದು ಈ ಕತ್ತರಿಯ ಜಾಗವನ್ನೇ.

ಅಪ್ಪನ ಪ್ರಶ್ನೆಗೂ ಹಾಳೆಯಲ್ಲೇ ಉತ್ತರ ಇತ್ತು. ಕತ್ತರಿಯ ಎಡಕ್ಕೆ ಹಳದಿ ಗೆರೆ ಕೆಳಗೆ, ಅಂದರೆ 30ಕ್ಕಿಂತ ಕಡಿಮೆ ಬಾಕ್ಸಿದ್ದರೆ ಹಳದಿ ಅಗ್ಗ. ಬಲಕ್ಕೆ ನೀಲಿ ಕೆಳಗೆ. ಅಪ್ಪ, ಚಿಕ್ಕಪ್ಪ ಇಬ್ಬರೂ ಅರ್ಧರ್ಧ ಸರಿ.

ಸಮೀಕರಣ ಕಳೆದಾಗ ಏನಾಗುತ್ತದೆ ಅನ್ನೋದೂ ಅದೇ ಹಾಳೆಯಲ್ಲಿ ಹೊಳೆಯಿತು. x = 30 ಕೂಡ ಒಂದು ಗೆರೆ, ನೆಟ್ಟಗೆ ನಿಂತ ಗೆರೆ. ಅದು ಹಾದುಹೋಗುವುದು ಅದೇ ಕತ್ತರಿಯ ಮೇಲೆ. ಸುಮ್ನೆ ಎರಡನ್ನೂ ಕೂಡಿ ನೋಡಿದೆ: 2y = 420 + 26x, ಅಂದರೆ y = 210 + 13x. ಎಳೆದರೆ ಅದೂ ಅಲ್ಲೇ ಹಾಯಿತು. ಹೇಗೆ ಕೂಡಿ ಕಳೆದರೂ ಹುಟ್ಟುವ ಗೆರೆ ಆ ಚುಕ್ಕಿ ಬಿಟ್ಟು ಹೋಗುವುದಿಲ್ಲ. ವರ್ಜಿಸುವುದು ಅಂದರೆ ಅವುಗಳಲ್ಲಿ ನೆಟ್ಟಗೆ ನಿಂತದ್ದನ್ನೋ, ಪೂರ್ತಿ ಮಲಗಿದ್ದನ್ನೋ ಆರಿಸಿಕೊಳ್ಳುವುದು.

ಹಾಗಂತ ಗ್ರಾಫೇ ಗೆದ್ದಿತು ಅಂದುಕೊಂಡೆ. ಒಂದು ವಾರ ಮಾತ್ರ.

ಊರಿಗೆ ಬಿಳಿ ಟೆಂಪೊ ಒಂದು ಬಂತು. ಗಾಡಿಗೆ 200, ಬಾಕ್ಸಿಗೆ 13. ಅದೇ ಹಾಳೆಯಲ್ಲಿ ಮೂರನೇ ಗೆರೆ ಎಳೆದೆ. ಅದೂ ಕತ್ತರಿಯ ಮೇಲೇ ಹಾದಂತೆ ಕಂಡಿತು. ಮೂರೂ ಒಂದೇ ಕಡೆ ಸೇರುತ್ತವೆ, ಹಾಗಾದರೆ ಬಿಳಿಯಿಂದ ಯಾವತ್ತೂ ಲಾಭ ಇಲ್ಲ ಅಂತ ಹೇಳಿಬಿಟ್ಟೆ. ಗಣಿತದ ಮಿಸ್ ಹಾಳೆ ನೋಡಿ ಒಂದೇ ಮಾತು ಕೇಳಿದರು: "30 ಹಾಕಿ ನೋಡಿದ್ಯಾ?"

ಹಾಕಿದೆ. 200 + 390 = 590. ಹತ್ತು ರೂಪಾಯಿ ಕಡಿಮೆ! ನನ್ನ ಅಳತೆಯಲ್ಲಿ ಹತ್ತು ರೂಪಾಯಿ ಅಂದರೆ ಒಂದು ಮಿಲಿಮೀಟರ್. ಪೆನ್ಸಿಲ್ ಮೊಂಡಾಗಿತ್ತು, ಗೆರೆಯೇ ಅರ್ಧ ಮಿಲಿಮೀಟರ್ ದಪ್ಪ. ಹತ್ತಿರ ಹಿಡಿದು ನೋಡಿದರೆ 29ರಿಂದ 31ರವರೆಗೆ ನೀಲಿ, ಹಳದಿ ಗೆರೆಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡು ಗೆರೆಗಳ ಏರು ಹತ್ತಿರ ಹತ್ತಿರ ಇದ್ದರೆ ಕತ್ತರಿ ಹೀಗೆ ಉದ್ದಕ್ಕೆ ಹರಡುತ್ತದೆ. ಮೊದಲ ದಿನ 30 ಅಷ್ಟು ಸ್ಪಷ್ಟವಾಗಿ ಕಂಡದ್ದು ಉತ್ತರ ನನಗೆ ಮೊದಲೇ ಗೊತ್ತಿದ್ದದ್ದಕ್ಕೆ ಇರಬೇಕು.

ಆದೇಶ ವಿಧಾನಕ್ಕೆ ವಾಪಸ್ ಬಂದೆ. ಹಳದಿ, ಬಿಳಿ: 3x = 80, ಅಂದರೆ 26 ಮತ್ತು ಮೂರನೇ ಎರಡು. ಬಿಳಿ, ನೀಲಿ: 3x = 100, ಅಂದರೆ 33 ಮತ್ತು ಮೂರನೇ ಒಂದು. ಬಾಕ್ಸು ತುಂಡಾಗುವುದಿಲ್ಲ, ಹಾಗಾಗಿ ಅಕ್ಕಪಕ್ಕದ ಸಂಖ್ಯೆ ಹಾಕಿ ನೋಡಬೇಕು. 26ಕ್ಕೆ ಹಳದಿ 536, ಬಿಳಿ 538. 27ಕ್ಕೆ ಹಳದಿ 552, ಬಿಳಿ 551. 33ಕ್ಕೆ ಬಿಳಿ 629, ನೀಲಿ 630. 34ಕ್ಕೆ ಬಿಳಿ 642, ನೀಲಿ 640. ಅಂದರೆ 27ರಿಂದ 33 ಬಾಕ್ಸಿನವರೆಗೆ ಬಿಳಿ ಟೆಂಪೊನೇ ಅಗ್ಗ. ಗ್ರಾಫ್ ಹಾಳೆ ಈ ಕಿರಿದಾದ ಜಾಗವನ್ನು ಪೂರ್ತಿ ನುಂಗಿಹಾಕಿತ್ತು.

ಆದರೆ ಗ್ರಾಫ್ ಇಲ್ಲದಿದ್ದರೆ ಹೆದರುತ್ತಿದ್ದ ಜಾಗವೂ ಒಂದಿದೆ. ಹಬ್ಬದ ಸಮಯದಲ್ಲಿ ಹಳದಿಯವರು ರೇಟು ಬದಲಿಸಿದರು: ಗಾಡಿಗೆ 350, ಬಾಕ್ಸಿಗೆ 10. ನೀಲಿಯದನ್ನು ಕಳೆದೆ, 0 = 50 ಬಂತು. ಮೊದಲಾಗಿದ್ದರೆ ತಪ್ಪಾಯಿತು ಅಂತ ಮೂರು ಸಲ ಹೊಡೆದು ಬರೆಯುತ್ತಿದ್ದೆ. ಹಾಳೆಯ ಮೇಲೆ ಮನಸ್ಸಲ್ಲೇ ಎಳೆದೆ. ಎರಡೂ ಗೆರೆ ಒಂದೇ ಏರು, ನಡುವೆ 50 ರೂಪಾಯಿ ಅಂತರ, ರೈಲು ಹಳಿಯ ಥರ. ಸೇರುವುದೇ ಇಲ್ಲ. ಹಳದಿ ಎಷ್ಟು ಬಾಕ್ಸಿಗೂ 50 ರೂಪಾಯಿ ದುಬಾರಿ.

ಈಗಲೂ ನಾನು ಮಾಡುವುದು ಹೀಗೆ. ಮೊದಲು ಕೈಯಿಂದ ಒರಟಾಗಿ ಎರಡು ಗೆರೆ, ಅಳತೆ ಬೇಡ: ಸೇರುತ್ತವೋ ಇಲ್ಲವೋ, ಸೇರಿದರೆ ಸುಮಾರು ಎಲ್ಲಿ. ಆಮೇಲೆ ಸಂಖ್ಯೆಗೆ ಆದೇಶವೋ ವರ್ಜಿಸುವುದೋ, ಯಾವುದು ಸುಲಭವೋ ಅದು. ಬಂದದ್ದನ್ನು ಎರಡೂ ಸಮೀಕರಣಕ್ಕೆ ವಾಪಸ್ ಹಾಕಿ ನೋಡದೆ ಮಾತ್ರ ಬಿಡುವುದಿಲ್ಲ.

ಹಬ್ಬ ಮುಗಿದು ಹಳೇ ರೇಟು ಬಂದ ಮೇಲೆ ಒಂದು ಬೆಳಿಗ್ಗೆ 32 ಬಾಕ್ಸು ತುಂಬಿದ್ದವು. ನೀಲಿ 620, ಹಳದಿ 632, ಬಿಳಿ 616. ಬಿಳಿ ಕರೀರಿ ಅಂದೆ.

ಅಪ್ಪ ಬೆರಳು ಮಡಿಸಿ ಎಣಿಸಿದರು. "ನಾಲ್ಕು ರೂಪಾಯಿ ಉಳೀತು. ಆ ಗ್ರಾಫ್ ಹಾಳೆ ಎಷ್ಟಮ್ಮ ಒಂದಕ್ಕೆ?"