ಕಡುನೀಲಿ ಜೀನ್ಸ್‌ಗೆ ಯಾವ ಪರದೆ: ಐಪಿಎಸ್, ವಿಎ, ಟಿಎನ್ ಹೋಲಿಕೆ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಆನ್‌ಲೈನ್‌ನಲ್ಲಿ ಮಾರುವವರಿಗೆ ಮಾನಿಟರ್ ಪರೀಕ್ಷಿಸಲು ಬೇರೆ ಚಿತ್ರ ಬೇಡ. ಕಡುನೀಲಿ ಪ್ಯಾಂಟಿನ ಫೋಟೊ ಒಂದಿದ್ದರೆ ಸಾಕು. ಬಟ್ಟೆಯದೇ ಬಣ್ಣದ ದಾರದ ಹೊಲಿಗೆ, ಜೇಬಿನೊಳಗಿನ ನೆರಳು ಎಷ್ಟು ಕಾಣುತ್ತದೆ ಎಂಬುದರಲ್ಲೇ ಟಿಎನ್, ವಿಎ, ಐಪಿಎಸ್ ಎಂಬ ಮೂರೂ ಬಗೆಯ ಎಲ್‌ಸಿಡಿ ಪರದೆಗಳ ಗುಣ ತಿಳಿಯುತ್ತದೆ.

ಟಿಎನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುರ್ಚಿಯಿಂದ ಎದ್ದರೆ ನೀಲಿ ಪೇಲವ, ಕೆಳಗಿನಿಂದ ನೋಡಿದರೆ ಕಪ್ಪು. ಕೂತಲ್ಲೇ ಕೂತರೂ ಪರದೆಯ ಮೇಲ್ತುದಿಗೂ ಕೆಳತುದಿಗೂ ಒಂದೇ ಬಣ್ಣ ಬರುವುದಿಲ್ಲ. ಬಿಲ್ಲಿಂಗ್‌ಗೆ ಆದೀತು.

ತಕರಾರು ಇರುವುದು ವಿಎ ಮತ್ತು ಐಪಿಎಸ್ ನಡುವೆ. ವಿಎ ಪರದೆಯನ್ನು ನೇರವಾಗಿ ನೋಡಿದಾಗ ಕಡುನೀಲಿಯೊಳಗಿನ ಹೊಲಿಗೆ ಕಪ್ಪಿನಲ್ಲಿ ಮುಳುಗುತ್ತದೆ. ತಲೆಯನ್ನು ಒಂದಡಿ ಪಕ್ಕಕ್ಕೆ ಸರಿಸಿ, ಅದೇ ಹೊಲಿಗೆ ಎದ್ದು ಕಾಣುತ್ತದೆ. ವಿಎಯಲ್ಲಿ ಕಪ್ಪು ತೋರಿಸುವಾಗ ದ್ರವಸ್ಫಟಿಕಗಳು ಪರದೆಗೆ ಲಂಬವಾಗಿ ನಿಂತು, ವೋಲ್ಟೇಜ್ ಏರಿದಂತೆ ವಾಲುತ್ತವೆ. ಹಾಗಾಗಿ ನೋಡುವ ಕೋನ ಬದಲಾದರೆ ಮೊದಲು ಏರುಪೇರಾಗುವುದು ಕಡು ಛಾಯೆಗಳೇ. ಐಪಿಎಸ್‌ನಲ್ಲಿ ಅವು ಪರದೆಯ ಸಮತಲದಲ್ಲೇ ತಿರುಗುತ್ತವೆ. ಪಕ್ಕದಲ್ಲಿ ಕೂತ ಗಿರಾಕಿಗೂ ನಿಮಗೂ ಹೆಚ್ಚುಕಡಿಮೆ ಅದೇ ನೀಲಿ.

ಹಾಗಾದರೆ ವಿಎಯಲ್ಲಿ ಕಾಂಟ್ರಾಸ್ಟ್, ಅಂದರೆ ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಹೊಳೆಯುತ್ತದೆ ಎಂಬುದು, ಹೆಚ್ಚು ಎನ್ನುತ್ತಾರಲ್ಲ? ಅದು ಸುಳ್ಳಲ್ಲ. ಸಾಮಾನ್ಯ ಐಪಿಎಸ್ 1000:1 ಇದ್ದರೆ ವಿಎ 3000:1. ಹೊಳಪನ್ನು ಅಳೆಯುವುದು ನಿಟ್‌ನಲ್ಲಿ; ಬಿಳಿಯನ್ನು 120 ನಿಟ್‌ಗೆ ಇಟ್ಟರೆ ಐಪಿಎಸ್‌ನ ಕಪ್ಪು 0.12 ನಿಟ್, ವಿಎಯದು 0.04. ಕತ್ತಲ ಕೋಣೆಯಲ್ಲಿ ಸಿನಿಮಾ ನೋಡುವಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಐಪಿಎಸ್ ಕಪ್ಪು ಬೂದಿಯಂತೆ, ಮೂಲೆಗಳಲ್ಲಿ ಮಸುಕು ಹೊಳಪು. ಆದರೆ ನಮ್ಮೂರ ಬಿಸಿಲು ಬಾಗಿಲಿನಿಂದ ಒಳಗೆ ಬರುವ ಅಂಗಡಿಯಲ್ಲಿ ಮ್ಯಾಟ್ ಪರದೆಯೂ ಸುತ್ತಲಿನ ಬೆಳಕನ್ನು ವಾಪಸ್ ಎಸೆಯುತ್ತದೆ. ಅದು 1 ನಿಟ್ ಎಂದಿಟ್ಟುಕೊಂಡು ಬಿಳಿಗೂ ಕಪ್ಪಿಗೂ ಕೂಡಿಸಿ: ಐಪಿಎಸ್ 121 ಭಾಗ 1.12, ಅಂದರೆ 108:1. ವಿಎ 121 ಭಾಗ 1.04, ಅಂದರೆ 116:1. ಮೂರು ಪಟ್ಟಿನ ಮೇಲುಗೈ ಅಲ್ಲಿಗೆ ಹೋಯಿತು! ಹಗಲು ಅಂಗಡಿಯಲ್ಲಿ ಫೋಟೊ ತಿದ್ದುವವರು ಐಪಿಎಸ್ ತಗೊಳ್ಳಿ. ರಾತ್ರಿ ದೀಪ ಆರಿಸಿ ಸಿನಿಮಾ ನೋಡಲು ವಿಎ.

ಐಪಿಎಸ್ ಎಂದ ಮಾತ್ರಕ್ಕೆ ಬಣ್ಣ ಸರಿಯಿರುತ್ತದೆ ಎಂದಲ್ಲ. ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಎಂಬುದಕ್ಕೆ ವಿವರಪಟ್ಟಿಯಲ್ಲಿ 45% ಎನ್‌ಟಿಎಸ್‌ಸಿ ಎಂದಿದ್ದರೆ ಬಿಡಿ, ಕೆಂಪು ಲೇಬಲ್ ಇಟ್ಟಿಗೆ ಬಣ್ಣಕ್ಕೆ ಇಳಿದಿರುತ್ತದೆ. ವೆಬ್ ಚಿತ್ರಗಳಿಗೆ ಬಳಸುವ ಬಣ್ಣದ ಅಳತೆ ಎಸ್‌ಆರ್‌ಜಿಬಿ; 99% ಎಸ್‌ಆರ್‌ಜಿಬಿ ಎಂದಿರುವುದನ್ನು ಹುಡುಕಿ.

ಡಬ್ಬದ ಮೇಲೆ ಪ್ಯಾನೆಲ್ ಹೆಸರಿಲ್ಲದಿದ್ದರೆ ಅಡ್ಡಕ್ಕೂ ಮೇಲೆಕೆಳಗೂ ಬರೆದಿರುವ ನೋಡುವ ಕೋನದ ಅಂಕಿ ನೋಡಿ. 170/160 ಡಿಗ್ರಿ ಇದ್ದರೆ ಸಾಮಾನ್ಯವಾಗಿ ಟಿಎನ್. 178/178 ಎಂದು ಐಪಿಎಸ್, ವಿಎ ಎರಡೂ ಬರೆದುಕೊಳ್ಳುತ್ತವೆ. ಆ ಅಂಕಿ ಕಾಂಟ್ರಾಸ್ಟ್ 10:1ಕ್ಕೆ ಇಳಿಯುವ ತನಕದ ಕೋನ, ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂಗಡಿಯವರು ಆನ್ ಮಾಡಿ ತೋರಿಸಿದರೆ, ಜೀನ್ಸ್ ಫೋಟೊವನ್ನು ಚಿಕ್ಕ ಕಿಟಕಿಯಲ್ಲಿ ತೆರೆದು ಎರಡಡಿ ದೂರ ಕೂತು ನಡುವಿನಿಂದ ಅಂಚಿಗೆ ಎಳೆಯಿರಿ. ಅಂಚಿಗೆ ಹೋದಂತೆ ಕಡುನೀಲಿ ತಿಳಿಯಾದರೆ ಅದು ವಿಎ.