‘ಆಮ್ಲೋ 5’ ಎಂಬುದನ್ನು ‘ಐದು ವರ್ಷ’ ಮಾಡಿ ನಮ್ಮ ಕ್ಲೇಮನ್ನು ತಿರಸ್ಕರಿಸಿದರು: ಎಚ್ಚರವಿರಲಿ

ದಾವಣಗೆರೆ, ಚಿತ್ರದುರ್ಗದ ಕಡೆ ಆರೋಗ್ಯ ವಿಮೆ ಮಾಡಿಸಿ ವರ್ಷ ವರ್ಷವೂ ತಪ್ಪದೆ ಕಂತು ಕಟ್ಟುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ದೂರು ಇನ್ನೂ ಇತ್ಯರ್ಥವಾಗದ ಕಾರಣ ಕಂಪನಿಯ ಹೆಸರನ್ನಾಗಲೀ ಆಸ್ಪತ್ರೆಯ ಹೆಸರನ್ನಾಗಲೀ ಇಲ್ಲಿ ಬರೆಯುತ್ತಿಲ್ಲ.

ನಮ್ಮ ಪಾಲಿಸಿ 2021ರ ಮಾರ್ಚ್ 12ರಂದು ಆರಂಭವಾಯಿತು. ಅಂದಿನಿಂದ ಒಂದು ದಿನವೂ ಲೋಪವಾಗದಂತೆ ನವೀಕರಿಸಿದ್ದೇವೆ. 2025ರ ಜುಲೈನಲ್ಲಿ ನನ್ನ ಪತ್ನಿಗೆ ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೊಸ್ಕೋಪಿ ಶಸ್ತ್ರಚಿಕಿತ್ಸೆ ಆಯಿತು. ಕ್ಯಾಶ್‌ಲೆಸ್ ಕೇಳಿದಾಗ ‘ಹೆಚ್ಚಿನ ಪರಿಶೀಲನೆ ಬೇಕಿದೆ, ಮೊದಲು ನೀವೇ ಪಾವತಿಸಿ ಆಮೇಲೆ ಬಿಲ್ಲು ಕಳುಹಿಸಿ’ ಎಂದರು. ಒಂದು ಲಕ್ಷ ಹದಿನೆಂಟು ಸಾವಿರ ರೂಪಾಯಿ ನಾನೇ ಕಟ್ಟಿದೆ. ಇಲ್ಲಿಯವರೆಗೆ ಎಲ್ಲರಿಗೂ ಆಗುವುದೇ ಆಗಿತ್ತು.

ಬಿಲ್ಲು ಕಳುಹಿಸಿದ ಮೇಲೆ ಕಂಪನಿಯ ಪರವಾಗಿ ತನಿಖಾಧಿಕಾರಿ ಎಂದು ಹೇಳಿಕೊಂಡು ಒಬ್ಬ ಯುವಕ ಮನೆಗೆ ಬಂದ. ಬಹಳ ವಿನಯವಂತ. ಕಾಫಿ ಕುಡಿದ, ನನ್ನ ಪತ್ನಿಯ ಆರೋಗ್ಯ ವಿಚಾರಿಸಿದ, ‘ಅಮ್ಮಾ, ಬಿಪಿಗೆ ಯಾವ ಮಾತ್ರೆ ತಗೊಳ್ತೀರಿ?’ ಎಂದು ಕೇಳಿದ. ಆಕೆ ‘ಆಮ್ಲೋ ಐದು’ ಎಂದಳು. ಆಮ್ಲೋಡಿಪಿನ್ ಐದು ಮಿಲಿಗ್ರಾಂ ಮಾತ್ರೆ. ಬಿಪಿ ಇರುವ ಮನೆಗಳಲ್ಲೆಲ್ಲ ಅದನ್ನು ಹಾಗೆಯೇ ಕರೆಯುತ್ತಾರೆ. ಆತ ಇಂಗ್ಲಿಷ್ ನಮೂನೆಯೊಂದರಲ್ಲಿ ಏನೋ ಬರೆದುಕೊಂಡು, ‘ಬರೀ ಫಾರ್ಮಾಲಿಟಿ ಸರ್, ಬೇಗ ದುಡ್ಡು ಬರುತ್ತೆ’ ಎನ್ನುತ್ತ ಸಹಿ ಮಾಡಿಸಿಕೊಂಡ. ‘ಎಷ್ಟು ಕಾಲದಿಂದ’ ಎಂಬ ಅಂಕಣ ಆಗ ಖಾಲಿಯಾಗಿತ್ತು. ಅದನ್ನು ಡಾಕ್ಟರನ್ನು ಕೇಳಿ ತುಂಬುವುದಾಗಿ ಹೇಳಿದ. ಸರ್ಕಾರಿ ಕಚೇರಿಯಲ್ಲಿ ಜೀವಮಾನವೆಲ್ಲ ಟಿಪ್ಪಣಿ, ಜ್ಞಾಪನ ಬರೆದೇ ನಿವೃತ್ತನಾದ ನನ್ನ ಕಣ್ಣೆದುರಿಗೇ ಇದು ನಡೆಯಿತು ಎಂಬುದನ್ನು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ಕಂಪನಿಯಿಂದ ಬಂದ ತಿರಸ್ಕಾರ ಪತ್ರದಲ್ಲಿ ಇದ್ದದ್ದು ಇಷ್ಟು: ‘ಆಸ್ಪತ್ರೆಯ ದಾಖಲೆಗಳ ಪ್ರಕಾರ ರೋಗಿಗೆ ಐದು ವರ್ಷಗಳಿಂದ ರಕ್ತದೊತ್ತಡವಿದೆ. ಪಾಲಿಸಿ ಪಡೆಯುವಾಗ ಇದನ್ನು ತಿಳಿಸಿಲ್ಲ. ಆದ್ದರಿಂದ ಕ್ಲೇಮನ್ನು ತಿರಸ್ಕರಿಸಲಾಗಿದೆ.’ ಅವರ ಲೆಕ್ಕ ನೋಡಿ. 2025ರ ಜುಲೈಯಿಂದ ಐದು ವರ್ಷ ಹಿಂದಕ್ಕೆ ಹೋದರೆ 2020ರ ಜುಲೈ, ಅಂದರೆ ಪಾಲಿಸಿಗಿಂತ ಎಂಟು ತಿಂಗಳು ಮೊದಲು. ಆ ಒಂದು ‘ಐದು’ ಇಲ್ಲದಿದ್ದರೆ ಅವರ ಪತ್ರದಲ್ಲಿ ಏನೂ ಉಳಿಯುವುದಿಲ್ಲ. ವಾಸ್ತವವಾಗಿ ಆಕೆಗೆ ಬಿಪಿ ಇದೆಯೆಂದು ಗೊತ್ತಾದದ್ದು 2023ರ ಜನವರಿಯಲ್ಲಿ, ಆ ಒಪಿಡಿ ಚೀಟಿ ನನ್ನಲ್ಲಿದೆ.

ನಾನು ಮೊದಲು ಆಸ್ಪತ್ರೆಗೆ ಹೋಗಿ ಇಡೀ ಕೇಸ್‌ಶೀಟಿನ ದೃಢೀಕೃತ ನಕಲನ್ನು ಲಿಖಿತವಾಗಿ ಕೇಳಿದೆ. ಡಿಸ್ಚಾರ್ಜ್ ಸಮ್ಮರಿ ಮಾತ್ರ ಸಾಲದು. ದಾಖಲಾದ ದಿನದ ಹಾಳೆ, ನರ್ಸ್ ಬರೆದದ್ದು, ಅರಿವಳಿಕೆ ವೈದ್ಯರ ಹಾಳೆ ಎಲ್ಲವೂ ಬೇಕು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ ಇದೆ. ಅದನ್ನು ಅರ್ಜಿಯಲ್ಲಿ ನಮೂದಿಸಿದ ಮೇಲೆ ಕೊಟ್ಟರು.

ಮನೆಗೆ ತಂದು ಹಾಳೆ ಹಾಳೆ ನೋಡಿದೆ. ದಾಖಲಾದ ದಿನ ಡ್ಯೂಟಿ ಡಾಕ್ಟರ್ ಬರೆದ ಸಾಲು ಹೀಗಿತ್ತು: ‘ಎಚ್‌ಟಿಎನ್, ಟ್ಯಾಬ್ ಆಮ್ಲೋ 5, ಓಡಿ’. ಅಂದರೆ ಬಿಪಿ ಇದೆ, ಆಮ್ಲೋ 5 ಮಾತ್ರೆ, ದಿನಕ್ಕೊಂದು. ಅರಿವಳಿಕೆ ವೈದ್ಯರ ಹಾಳೆಯಲ್ಲಿ ಸ್ಪಷ್ಟವಾಗಿ ‘ಎಚ್‌ಟಿಎನ್, 2 ವರ್ಷ’ ಎಂದಿತ್ತು. ‘ಐದು ವರ್ಷ’ ಎಂಬುದು ಆಸ್ಪತ್ರೆಯ ಒಂದೇ ಒಂದು ಹಾಳೆಯಲ್ಲೂ ಇರಲಿಲ್ಲ. ಮಾತ್ರೆಯ ಮಿಲಿಗ್ರಾಂ ಕಾಯಿಲೆಯ ವಯಸ್ಸಾಗಿಬಿಟ್ಟಿತ್ತು!

ಆಗ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆದೆ. ಅದರ ಮುಖ್ಯ ಭಾಗವನ್ನು ಹಾಗೆಯೇ ಕೊಡುತ್ತಿದ್ದೇನೆ, ಬೇಕಾದವರು ಬಳಸಿಕೊಳ್ಳಬಹುದು:

‘ತಮ್ಮ ಪತ್ರದಲ್ಲಿ ಹೇಳಿರುವ ಆಸ್ಪತ್ರೆಯ ದಾಖಲೆ ಯಾವುದು, ಅದರ ಪುಟ ಯಾವುದು ಎಂಬುದನ್ನು ತಿಳಿಸಬೇಕು. ಪಾಲಿಸಿಯ ವ್ಯಾಖ್ಯೆಯ ಪ್ರಕಾರ ಪಾಲಿಸಿಗೆ ಮುಂಚಿನ ನಿಗದಿತ ಅವಧಿಯಲ್ಲಿ ವೈದ್ಯರು ಪತ್ತೆ ಮಾಡಿದ, ಅಥವಾ ವೈದ್ಯರ ಸಲಹೆ, ಚಿಕಿತ್ಸೆ ಪಡೆದ ಕಾಯಿಲೆಯೇ ಪೂರ್ವಸ್ಥಿತ ಕಾಯಿಲೆ. 12.03.2021ಕ್ಕೆ ಮೊದಲು ಯಾವ ವೈದ್ಯರು, ಯಾವ ದಿನಾಂಕದಂದು ಪತ್ತೆ ಮಾಡಿದರು? ಅದಕ್ಕೆ ಸಂಬಂಧಿಸಿದ ಚೀಟಿಯನ್ನು ಒದಗಿಸಬೇಕು. 2021ರ ನವೆಂಬರ್‌ನಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿದ ತಪಾಸಣೆಯಲ್ಲಿ ಬಿಪಿ 124/80 ಇದ್ದು, ಯಾವ ಮಾತ್ರೆಯನ್ನೂ ಸೇವಿಸುತ್ತಿಲ್ಲವೆಂದು ನಮೂದಾಗಿದೆ, ನಕಲು ಲಗತ್ತಿಸಿದೆ. ಪೂರ್ವಸ್ಥಿತ ಕಾಯಿಲೆಗೆ ಈ ಪಾಲಿಸಿಯಲ್ಲಿ ಇರುವ 36 ತಿಂಗಳ ಕಾಯುವ ಅವಧಿಯೂ ಪಿತ್ತಕೋಶದ ಕಲ್ಲಿಗೆ ಇರುವ 24 ತಿಂಗಳ ಅವಧಿಯೂ ಮುಗಿದಿರುವುದರಿಂದ, ಬಿಪಿ ಇದೆಯೆಂದು ಮೊದಲೇ ಘೋಷಿಸಿದ್ದರೂ ಈ ಕ್ಲೇಮು ಪಾವತಿಗೆ ಅರ್ಹವೇ ಆಗಿರುತ್ತಿತ್ತು.’

ಆ ಪೊರೆಯ ಶಸ್ತ್ರಚಿಕಿತ್ಸೆಗೆ ಕಾಯುವ ಅವಧಿ ಇದ್ದುದರಿಂದ ನಾವೇ ಹಣ ಕಟ್ಟಿದ್ದೆವು. ಕ್ಲೇಮು ಇಲ್ಲದ ಆ ಹಳೆಯ ಕಾಗದವೇ ಈಗ ನನ್ನ ಬಲವಾದ ಸಾಕ್ಷಿ.

ಇನ್ನೊಂದನ್ನೂ ಕೇಳಿದ್ದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ 29ರ ಮಾಸ್ಟರ್ ಸುತ್ತೋಲೆಯ ಪ್ರಕಾರ ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ, ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಮೇರೆಗೆ ಎಂದು ಹೇಳಬೇಕು. ಸಮಿತಿಯ ನಿರ್ಣಯದ ಪ್ರತಿ ಕೊಡಿ ಎಂದು ಬರೆದಿದ್ದೆ. ಅದಕ್ಕೆ ಇಂದಿಗೂ ಉತ್ತರವಿಲ್ಲ.

ಉಳಿದುದಕ್ಕೆ ಬಂದ ಉತ್ತರ ನೋಡಿ: ‘ವಿಮಾದಾರರು ತಮ್ಮ ಸಹಿಯುಳ್ಳ ಹೇಳಿಕೆಯಲ್ಲಿ ಐದು ವರ್ಷವೆಂದು ಒಪ್ಪಿಕೊಂಡಿರುತ್ತಾರೆ.’ ಮೊದಲ ಪತ್ರದಲ್ಲಿ ಆಸ್ಪತ್ರೆಯ ದಾಖಲೆ, ಎರಡನೆಯದರಲ್ಲಿ ನನ್ನ ಪತ್ನಿಯ ಹೇಳಿಕೆ! ಆಸ್ಪತ್ರೆಯ ದಾಖಲೆ ಎಲ್ಲಿ ಹೋಯಿತು ಎಂದು ಫೋನಿನಲ್ಲಿ ಕೇಳಿದರೆ, ‘ಸರ್, ಎರಡೂ ಒಂದೇ ಅಲ್ವಾ?’ ಎಂದರು. ಒಂದೇ ಅಲ್ಲ ಸ್ವಾಮಿ. ಒಂದನ್ನು ಬರೆದವರು ವೈದ್ಯರು, ಇನ್ನೊಂದನ್ನು ಬರೆದವನು ನಿಮ್ಮ ಸಂಬಳದವನು. ಹೇಳಿಕೆಯ ಪ್ರತಿ ತರಿಸಿ ನೋಡಿದೆ: ಅಂದು ಖಾಲಿಯಿದ್ದ ಅಂಕಣದಲ್ಲಿ ‘5 ವರ್ಷ’ ಎಂದು ಬೇರೆ ಶಾಯಿಯಲ್ಲಿ ಬರೆದಿತ್ತು. ತಿರಸ್ಕಾರ ಪತ್ರದಲ್ಲಿ ಇಲ್ಲದ ಕಾರಣವನ್ನು ವಿಮಾ ಕಂಪನಿ ಆಮೇಲೆ ಎತ್ತುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಹೇಳಿದೆ. ಅದನ್ನೂ ಬರೆದು ಕಳುಹಿಸಿದೆ. ‘ನಮ್ಮ ನಿರ್ಧಾರದಲ್ಲಿ ಬದಲಾವಣೆಯಿಲ್ಲ’ ಎಂಬ ಒಂದೇ ಸಾಲಿನ ಉತ್ತರ ಬಂತು.

ಕೆಲವರು 60 ತಿಂಗಳ ನಿಯಮ ಹೇಳಿದರು. ಪಾಲಿಸಿ ನಿರಂತರವಾಗಿ 60 ತಿಂಗಳು ನಡೆದಿದ್ದರೆ, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟಿರೆಂದು ಕ್ಲೇಮು ನಿರಾಕರಿಸುವಂತಿಲ್ಲ ಎಂಬುದು ನಿಜ. ನಮ್ಮದು ಆಗ 52 ತಿಂಗಳು. ಇಂಥ ಪಾಲಿಸಿಗಳನ್ನೇ ಇವರು ಹುಡುಕಿ ಹಿಡಿಯುತ್ತಾರೆಂಬ ಅನುಮಾನ ನನ್ನದು.

ಈಗ ದೂರು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಮುಂದಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಆದರೆ ಕಂಪನಿಗೆ ಮೊದಲು ಲಿಖಿತ ದೂರು ಕೊಟ್ಟಿರಬೇಕು, ಉತ್ತರ ತೃಪ್ತಿಯಾಗದಿದ್ದರೆ ಅಥವಾ ಒಂದು ತಿಂಗಳಾದರೂ ಬಾರದಿದ್ದರೆ ಹೋಗಬಹುದು, ಒಂದು ವರ್ಷದೊಳಗೆ ಹೋಗಬೇಕು. ಮನೆಗೆ ತನಿಖೆಗೆ ಬಂದವರ ಕಾಗದಕ್ಕೆ ಸಹಿ ಹಾಕುವ ಮೊದಲು ಖಾಲಿ ಜಾಗಕ್ಕೆಲ್ಲ ಅಡ್ಡಗೆರೆ ಎಳೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಕಾಫಿ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು.

ಮಾಹಿತಿ ಮುಚ್ಚಿಟ್ಟವರು ಎಂದು ನಮ್ಮನ್ನು ಬರಹದಲ್ಲಿ ಕರೆದ ಅದೇ ಕಂಪನಿ, ಈ ಮಾರ್ಚ್‌ನಲ್ಲಿ ನವೀಕರಣದ ಕಂತನ್ನು ಮಾತ್ರ ಮರೆಯದೆ ಕೇಳಿ ಪಡೆಯಿತು. ಆ ರಸೀದಿಯನ್ನೂ ದೂರಿಗೆ ಲಗತ್ತಿಸಿದ್ದೇನೆ.